ಮೂರು ಕೆಜಿ ಹಪ್ಪಳಕ್ಕೆ ಹನ್ನೊಂದೂವರೆ ಕೆಜಿ ಬಿಲ್ಲು: ಕೊರಿಯರ್ ಲೆಕ್ಕ ಬಿಚ್ಚಿ ನೋಡಿದಾಗ

ಶಿರಸಿ ಹತ್ತಿರದ ನಮ್ಮ ಊರಿನಲ್ಲಿ ಅತ್ತಿಗೆ ಹಲಸಿನ ಹಪ್ಪಳ ಮತ್ತು ತೊಡದೇವು ಮಾಡಿ ಬೆಂಗಳೂರಿಗೆ ಕಳಿಸುತ್ತಾರೆ. ಬೇಸಿಗೆಯಲ್ಲಿ ಹಪ್ಪಳ ಒಣಗಿಸಿ ಇಟ್ಟುಕೊಂಡರೆ ಮಳೆಗಾಲದ ಉದ್ದಕ್ಕೂ ಬೇಡಿಕೆ ಇರುತ್ತದೆ. ಪೇಟೆಯ ಒಂದು ಕೊರಿಯರ್ ಶಾಖೆಯಲ್ಲಿ ತಿಂಗಳ ಖಾತೆ ತೆರೆದಿದ್ದರು. ಕೆಜಿಗೆ 40 ರೂಪಾಯಿ, ಅರ್ಧ ಕೆಜಿ ಲೆಕ್ಕದಲ್ಲಿ ಏರಿಕೆ, ಅಂತ ಮಾತಾಗಿತ್ತು. ಮೊದಲ ಪೆಟ್ಟಿಗೆಯನ್ನು ಮನೆಯ ತಕ್ಕಡಿಯಲ್ಲಿ ಇಟ್ಟಾಗ 3.2 ಕೆಜಿ ತೋರಿಸಿತು. ಮೂರೂವರೆ ಕೆಜಿ ಅಂತ ಹಿಡಿದರೆ 140 ರೂಪಾಯಿ. ಅದರ ಮೇಲೆ ಸ್ವಲ್ಪ ತೆರಿಗೆ ಅಂತ ಅಂದುಕೊಂಡಿದ್ದರು.

ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ ಆ ಒಂದು ಪೆಟ್ಟಿಗೆಗೆ 678 ರೂಪಾಯಿ 50 ಪೈಸೆ ಬರೆದಿತ್ತು.

"ತಮ್ಮಾ, ಬೇರೆ ಯಾರದ್ದೋ ಪೆಟ್ಟಿಗೆ ನಮ್ಮ ಖಾತೆಗೆ ಹಾಕಿದ್ದಾರೆ ಕಾಣ್ತದೆ. ನೋಡು, ಹನ್ನೊಂದೂವರೆ ಕೆಜಿ ಅಂತ ಉಂಟು" ಅಂತ ಅತ್ತಿಗೆ ಫೋನ್ ಮಾಡಿದರು. ಪಾರ್ಸೆಲ್ ರಸೀದಿಯ ಡಾಕೆಟ್ ನಂಬರ್ ತಾಳೆ ನೋಡಿದೆವು. ಪೆಟ್ಟಿಗೆ ನಮ್ಮದೇ. ಬಿಲ್ಲಿನ ಲೆಕ್ಕವೂ ತಪ್ಪಿರಲಿಲ್ಲ. ಆದರೆ ಆ ಲೆಕ್ಕ ಹೇಗೆ ನಡೆಯುತ್ತದೆ ಅಂತ ಪೆಟ್ಟಿಗೆ ಕೊಡುವಾಗ ಯಾರೂ ಬಿಡಿಸಿ ಹೇಳಿರಲಿಲ್ಲ. ಹಪ್ಪಳ, ಬಾಳೆಕಾಯಿ ಚಿಪ್ಸ್, ತೊಡದೇವಿನಂಥ ಹಗುರ ಸಾಮಾನು ಕಳಿಸುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅವರಿಗೆಲ್ಲ ಉಪಯೋಗ ಆಗಲಿ ಅಂತ ಆ ಬಿಲ್ಲನ್ನೇ ಇಲ್ಲಿ ಬಿಚ್ಚಿ ಇಡುತ್ತಿದ್ದೇನೆ.

ಕೊರಿಯರ್‌ನವರು ಒಂದು ಪೆಟ್ಟಿಗೆಗೆ ಎರಡು ತೂಕ ಹಿಡಿಯುತ್ತಾರೆ. ಒಂದು ತಕ್ಕಡಿ ತೋರಿಸುವ ನಿಜವಾದ ತೂಕ. ಇನ್ನೊಂದು ಪೆಟ್ಟಿಗೆಯ ಗಾತ್ರದಿಂದ ಲೆಕ್ಕ ಹಾಕಿದ ತೂಕ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ದರ ಹಾಕುತ್ತಾರೆ. ಬಿಲ್ಲಿನಲ್ಲಿ ಚಾರ್ಜೆಬಲ್ ವೇಟ್ ಅಂತ ಇರುವುದು ಅದೇ. ಸೂತ್ರ ತುಂಬ ಸರಳ. ಅಳತೆ ಎಲ್ಲ ಸೆಂಟಿಮೀಟರಿನಲ್ಲಿ ಇರಬೇಕು:

```
ಉದ್ದ × ಅಗಲ × ಎತ್ತರ ÷ 5000 = ವಾಲ್ಯೂಮೆಟ್ರಿಕ್ ತೂಕ (ಕೆಜಿ)
```

ಈ 5000 ಎಲ್ಲಿಂದ ಬಂತು? ಅದರ ಅರ್ಥ ಇಷ್ಟೇ: 5000 ಘನ ಸೆಂಟಿಮೀಟರ್ ಜಾಗ, ಅಂದರೆ 5 ಲೀಟರಿನಷ್ಟು ಜಾಗ, ತೆಗೆದುಕೊಂಡವರು ಕಡಿಮೆ ಅಂದರೂ 1 ಕೆಜಿಯ ದುಡ್ಡು ಕೊಡಬೇಕು. ಲಾರಿ ತೂಕದಿಂದಲೂ ತುಂಬಬಹುದು, ಜಾಗದಿಂದಲೂ ತುಂಬಬಹುದು. ಅಡಿಕೆ ಮೂಟೆ ಹೇರಿದರೆ ಲಾರಿಯ ಅರ್ಧ ಜಾಗ ಖಾಲಿ ಇರುವಾಗಲೇ ತೂಕದ ಮಿತಿ ಮುಗಿಯುತ್ತದೆ. ಹಪ್ಪಳದ ಪೆಟ್ಟಿಗೆ ಹೇರಿದರೆ ಛಾವಣಿ ಮುಟ್ಟಿದರೂ ತೂಕ ಏನೂ ಇರುವುದಿಲ್ಲ. ಆಗ ಲಾರಿಯವನು ಬರೀ ತೂಕಕ್ಕೆ ದುಡ್ಡು ತೆಗೆದುಕೊಂಡರೆ ಡ್ರೈವರ್ ಸಂಬಳವೂ ಹುಟ್ಟುವುದಿಲ್ಲ. ಹಾಗಾಗಿ ಜಾಗಕ್ಕೆ ಬೆಲೆ ಕಟ್ಟುವುದು ಅನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಈಗ ನಮ್ಮ ಪೆಟ್ಟಿಗೆಗೆ ಬರೋಣ. ರಟ್ಟಿನ ಪೆಟ್ಟಿಗೆ ಮಾರುವ ಅಂಗಡಿಯಲ್ಲಿ ಅದು 18, 14, 12 ಇಂಚಿನ ಪೆಟ್ಟಿಗೆ. ಸೂತ್ರ ತಿಳಿದ ಮೇಲೆ ಅತ್ತಿಗೆ ಅದೇ ಅಳತೆಯಿಂದ ಲೆಕ್ಕ ಹಾಕಿದರು. ಸೆಂಟಿಮೀಟರಿಗೆ ತಂದರೆ 45.72, 35.56, 30.48. ಗುಣಿಸಿ 5000ದಿಂದ ಭಾಗಿಸಿದರೆ 9.91 ಕೆಜಿ. ಅರ್ಧ ಕೆಜಿ ಲೆಕ್ಕಕ್ಕೆ ಏರಿಸಿದರೆ 10 ಕೆಜಿ. ಬಿಲ್ಲಿನಲ್ಲಿ 11.5 ಯಾಕೆ ಬಂತು ಅನ್ನುವುದು ಆಗಲೂ ಬಗೆಹರಿಯಲಿಲ್ಲ.

ಮೋಸ ಹೋಗುವ ಜಾಗ ಇದು. ಅಂಗಡಿಯವರು ಹೇಳುವ ಅಳತೆ ಸಾಮಾನ್ಯವಾಗಿ ಪೆಟ್ಟಿಗೆಯ ಒಳಗಿನದ್ದು. ಎಷ್ಟು ಸಾಮಾನು ಹಿಡಿಯುತ್ತದೆ ಅಂತ ಗಿರಾಕಿಗೆ ಗೊತ್ತಾಗಲಿ ಅಂತ ಹಾಗೆ. ಕೊರಿಯರ್‌ನವರು ಅಳೆಯುವುದು ಹೊರಗಿನದ್ದು. ಐದು ಪ್ಲೈ, ಅಂದರೆ ಐದು ಪದರದ, ರಟ್ಟಿನ ಒಂದು ಗೋಡೆಯೇ ಸುಮಾರು ಅರ್ಧ ಸೆಂಟಿಮೀಟರ್ ದಪ್ಪ. ಎರಡು ಕಡೆ ಸೇರಿದರೆ ಒಂದು ಸೆಂಟಿಮೀಟರ್. ಎತ್ತರದಲ್ಲಿ ಮುಚ್ಚಳದ ಮಡಿಕೆ ಒಂದರ ಮೇಲೊಂದು ಕೂರುವುದರಿಂದ ಇನ್ನೂ ಸ್ವಲ್ಪ ಜಾಸ್ತಿ. ಇದರ ಮೇಲೆ ಪ್ರತಿ ಅಳತೆಯನ್ನೂ ಮುಂದಿನ ಪೂರ್ತಿ ಸೆಂಟಿಮೀಟರಿಗೆ ಏರಿಸುವ ನಿಯಮ ಆ ಖಾತೆಗೆ ಇತ್ತು. 46.72 ಅನ್ನುವುದು 47 ಆಯಿತು. ಅಗಲ 37, ಎತ್ತರ 32 ಆಯಿತು.

47 × 37 × 32 ಅಂದರೆ 55,648. ಅದನ್ನು 5000ದಿಂದ ಭಾಗಿಸಿದರೆ 11.13. ಅರ್ಧ ಕೆಜಿಗೆ ಏರಿಸಿದರೆ 11.5. ಬಿಲ್ಲು ಸರಿಯಾಗಿ ಕೂತಿತು.

ರಟ್ಟಿನ ದಪ್ಪ ಮತ್ತು ಎರಡು ಸಲದ ಏರಿಕೆ ಸೇರಿ ಒಂದೂವರೆ ಕೆಜಿ ಹುಟ್ಟಿಸಿದವು ನೋಡಿ. ಮೂರು ಅಳತೆಗಳನ್ನು ಒಂದಕ್ಕೊಂದು ಗುಣಿಸುವುದರಿಂದ ಹೀಗಾಗುತ್ತದೆ. ಕೂಡಿಸುವ ಲೆಕ್ಕವಾಗಿದ್ದರೆ ಒಂದು ಸೆಂಟಿಮೀಟರ್ ದೊಡ್ಡ ವಿಷಯವೇ ಅಲ್ಲ. ಗುಣಿಸುವಾಗ ಎತ್ತರದ ಒಂದು ಸೆಂಟಿಮೀಟರ್ ಅಂದರೆ ಪೆಟ್ಟಿಗೆಯ ಇಡೀ ತಳದ ಮೇಲೆ ಒಂದು ಪದರ. ನಮ್ಮ ಪೆಟ್ಟಿಗೆಯಲ್ಲಿ ಆ ಒಂದು ಪದರಕ್ಕೆ ಸುಮಾರು 350 ಗ್ರಾಂ ತೂಕ ಹಿಡಿದಂತಾಗುತ್ತದೆ.

ಇನ್ನು ದುಡ್ಡಿನ ಲೆಕ್ಕ. 11.5 ಕೆಜಿಗೆ 40ರಂತೆ ಮೂಲ ಬಾಡಿಗೆ 460 ರೂಪಾಯಿ. ಅದರ ಮೇಲೆ ಫ್ಯೂಯಲ್ ಸರ್ಚಾರ್ಜ್, ಆ ತಿಂಗಳು 25 ಪರ್ಸೆಂಟ್. ಅದು 115 ರೂಪಾಯಿ. ಎರಡೂ ಸೇರಿ 575. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 103 ರೂಪಾಯಿ 50 ಪೈಸೆ. ಒಟ್ಟು 678.50.

ನಿಜವಾದ ತೂಕಕ್ಕೆ, ಅಂದರೆ ಮೂರೂವರೆ ಕೆಜಿಗೆ, ಬಿಲ್ಲು ಬಂದಿದ್ದರೆ ಇದೇ ದಾರಿಯಲ್ಲಿ 206 ರೂಪಾಯಿ 50 ಪೈಸೆ ಆಗುತ್ತಿತ್ತು. ವ್ಯತ್ಯಾಸ 472 ರೂಪಾಯಿ. ಇದರಲ್ಲಿ ಬಾಡಿಗೆಯ ವ್ಯತ್ಯಾಸ 320 ಮಾತ್ರ. ಉಳಿದ 152 ರೂಪಾಯಿ ಆ 320ರ ಬೆನ್ನೇರಿ ಬಂದದ್ದು: 80 ಇಂಧನದ್ದು, 72 ತೆರಿಗೆಯದ್ದು.

ಫ್ಯೂಯಲ್ ಸರ್ಚಾರ್ಜ್ ಅಂದರೆ ಡೀಸೆಲ್ ಖರ್ಚಿಗೆ ಪ್ರತಿ ಪಾರ್ಸೆಲ್‌ಗೆ ಇಂತಿಷ್ಟು ರೂಪಾಯಿ ಅಂತ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಅದು ಮೂಲ ಬಾಡಿಗೆಯ ಮೇಲೆ ಹಾಕುವ ಪರ್ಸೆಂಟು. ಬಾಡಿಗೆ ಯಾವ ತೂಕದ ಮೇಲೆ ನಿಂತಿದೆಯೋ ಸರ್ಚಾರ್ಜೂ ಅದೇ ತೂಕದ ಮೇಲೆ ನಿಲ್ಲುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ತಕ್ಕಡಿಗೆ ಕಾಣದ ಎಂಟು ಕೆಜಿಗೂ ಡೀಸೆಲ್ ದುಡ್ಡು ಬಿತ್ತು. ಜಿಎಸ್‌ಟಿ ಕಾನೂನಿನ 15ನೇ ಸೆಕ್ಷನ್ ಪ್ರಕಾರ ಸೇವೆಯ ಜೊತೆ ವಸೂಲಿ ಮಾಡುವ ಇಂಥ ಖರ್ಚೂ ಸೇವೆಯ ಬೆಲೆಯೊಳಗೇ ಸೇರುತ್ತದೆ. ಹಾಗಾಗಿ ಸರ್ಚಾರ್ಜಿನ ಮೇಲೂ ತೆರಿಗೆ ಬರುತ್ತದೆ. ಸಣ್ಣ ಪ್ರಮಾಣದಲ್ಲಿ ಮಾಡುವವರು ಜಿಎಸ್‌ಟಿ ನೋಂದಣಿ ಮಾಡಿಸಿರುವುದಿಲ್ಲ. ಅವರಿಗೆ ಈ ತೆರಿಗೆ ತಿರುಗಿ ಸಿಗುವುದೂ ಇಲ್ಲ.

ಮನೆಯಲ್ಲಿ ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ. ಸರ್ಚಾರ್ಜ್ 25 ಪರ್ಸೆಂಟ್ ಇದ್ದರೆ ಬಾಡಿಗೆಯನ್ನು 1.25ರಿಂದ ಗುಣಿಸಿ, ಆಮೇಲೆ 1.18ರಿಂದ ಗುಣಿಸಿ. ಎರಡೂ ಸೇರಿ 1.475. ಅಂದರೆ ಬಾಡಿಗೆಯಲ್ಲಿ ಏರುವ ಪ್ರತಿ ಒಂದು ರೂಪಾಯಿ ಕೈಯಿಂದ ಹೋಗುವಾಗ ಸುಮಾರು ಒಂದೂವರೆ ರೂಪಾಯಿ ಆಗಿರುತ್ತದೆ. 40 ರೂಪಾಯಿ ದರ ಅಂತ ಹೇಳಿದ್ದು ನಿಜವಾಗಿ ಕೆಜಿಗೆ 59 ರೂಪಾಯಿ.

ಇದನ್ನು ಹಿಂದುಮುಂದು ಮಾಡಿಯೂ ನೋಡಬಹುದು. ಕೆಲವು ಶಾಖೆಗಳು ಒಟ್ಟು ಮೊತ್ತ ಮಾತ್ರ ಬರೆದ ಬಿಲ್ಲು ಕೊಡುತ್ತವೆ. ಆ ಮೊತ್ತವನ್ನು 1.18ರಿಂದ ಭಾಗಿಸಿ. ಬಂದದ್ದನ್ನು 1.25ರಿಂದ ಭಾಗಿಸಿ. ಆಮೇಲೆ ನಿಮ್ಮ ಕೆಜಿ ದರದಿಂದ ಭಾಗಿಸಿ. 678.50 ಅನ್ನುವುದು 575 ಆಗಿ, 460 ಆಗಿ, ಕೊನೆಗೆ 11.5 ಆಗುತ್ತದೆ. ಅವರು ಎಷ್ಟು ಕೆಜಿ ಹಿಡಿದಿದ್ದಾರೆ ಅಂತ ಗೊತ್ತಾಯಿತು. ಆ 11.5 ಅನ್ನು 5000ದಿಂದ ಗುಣಿಸಿದರೆ 57,500. ಅರ್ಧ ಕೆಜಿ ಏರಿಕೆ ಇರುವುದರಿಂದ ಅವರು ಅಳೆದ ಗಾತ್ರ 55,000ಕ್ಕಿಂತ ಹೆಚ್ಚು, 57,500ರ ಒಳಗೆ ಇರಬೇಕು. ನಿಮ್ಮ ಪೆಟ್ಟಿಗೆಯ ಹೊರ ಅಳತೆ ಗುಣಿಸಿದಾಗ ಆ ಎರಡರ ನಡುವೆ ಬೀಳದಿದ್ದರೆ ಕೇಳುವುದಕ್ಕೆ ಕಾರಣ ಇದೆ.

ಸರ್ಚಾರ್ಜಿನ ಬಗ್ಗೆ ನನ್ನ ತಕರಾರು ಬೇರೆ. ಡೀಸೆಲ್ ದರ ಸರ್ಕಾರದ ಹಿಡಿತದಿಂದ ಬಿಟ್ಟದ್ದು 2014ರ ಅಕ್ಟೋಬರಿನಲ್ಲಿ. 2017ರ ಜೂನ್‌ನಿಂದ ಅದು ದಿನದಿನವೂ ಬದಲಾಗುವ ವ್ಯವಸ್ಥೆ ಬಂತು. ಹೀಗಿರುವಾಗ ಇಡೀ ದರಪಟ್ಟಿಯನ್ನು ಮತ್ತೆ ಮತ್ತೆ ಬದಲಿಸುವ ಬದಲು ಇಂಧನದ ಭಾಗವನ್ನು ಬೇರೆ ಇಟ್ಟು ಏರಿಸಿ ಇಳಿಸುವುದು ಸಾಗಣೆಯವರಿಗೆ ಅನುಕೂಲ. ಅದು ಒಪ್ಪುವ ಮಾತೇ. ಆದರೆ ಹಾಗೆ ಇಳಿಯಬೇಕಾದರೆ ಒಪ್ಪಂದದಲ್ಲಿ ಎರಡು ವಿಷಯ ಬರೆದಿರಬೇಕು: ಯಾವ ಡೀಸೆಲ್ ದರವನ್ನು ಮೂಲ ಅಂತ ಹಿಡಿದಿದ್ದಾರೆ, ಮತ್ತು ಆ ದರ ಎಷ್ಟು ಬದಲಾದರೆ ಪರ್ಸೆಂಟ್ ಎಷ್ಟು ಬದಲಾಗುತ್ತದೆ. ದೊಡ್ಡ ಕಂಪನಿಗಳ ಜೊತೆ ವ್ಯವಹಾರ ಮಾಡುವವರಿಗೆ ಈ ಕೋಷ್ಟಕ ಸಿಗುತ್ತದೆ. ಅತ್ತಿಗೆಯ ಕಾಗದದಲ್ಲಿ "ಆಗಾಗ ಜಾರಿಯಲ್ಲಿರುವಂತೆ" ಅಂತ ಮಾತ್ರ ಇತ್ತು. ಅಂಥ ಸಾಲು ಏರುವುದಕ್ಕೆ ದಾರಿ ಕೊಡುತ್ತದೆ, ಇಳಿಯುವುದಕ್ಕೆ ಕೊಡುವುದಿಲ್ಲ. ಜೊತೆಗೆ ವರ್ಷಕ್ಕೊಮ್ಮೆ ಇಂಧನ ದುಬಾರಿ ಆಯಿತು ಅಂತಲೇ ಮೂಲ ದರವನ್ನೂ ಏರಿಸಿದರೆ ಒಂದೇ ಡೀಸೆಲ್‌ಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಖಾತೆ ತೆರೆಯುವ ದಿನವೇ ಈ ಕೋಷ್ಟಕ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಅದೇ ದಿನ ಕೇಳಬೇಕಾದ ಇನ್ನೊಂದು ಮಾತು, ಎಷ್ಟರಿಂದ ಭಾಗಿಸುತ್ತೀರಿ ಅಂತ. ಎಲ್ಲರೂ 5000 ಹಿಡಿಯುವುದಿಲ್ಲ. ವಿಮಾನ ಸರಕಿನಲ್ಲಿ 6000 ಹಿಡಿಯುವ ಪದ್ಧತಿ ಮೊದಲಿನಿಂದ ಇದೆ. ರಸ್ತೆ ಸಾಗಣೆಯಲ್ಲಿ 4500, 4000 ಹಿಡಿಯುವವರೂ ಇದ್ದಾರೆ. ಭಾಗಿಸುವ ಸಂಖ್ಯೆ ಸಣ್ಣದಾದಷ್ಟೂ ತೂಕ ದೊಡ್ಡದಾಗುತ್ತದೆ. ನಮ್ಮ ಅದೇ ಪೆಟ್ಟಿಗೆ 6000ಕ್ಕೆ ಒಂಬತ್ತೂವರೆ ಕೆಜಿ, 4000ಕ್ಕೆ 14 ಕೆಜಿ. ಕೆಜಿಗೆ 45 ಹೇಳಿ 5000 ಹಿಡಿಯುವವನ ಬಾಡಿಗೆ 517 ರೂಪಾಯಿ 50 ಪೈಸೆ. ಕೆಜಿಗೆ 40 ಹೇಳಿ 4000 ಹಿಡಿಯುವವನ ಬಾಡಿಗೆ 560. ದರ ಕಡಿಮೆ ಹೇಳಿದವನೇ ದುಬಾರಿ ಆದ. ಟ್ರಾನ್ಸ್‌ಪೋರ್ಟಿನವರು ಕೆಲವೊಮ್ಮೆ ಸಿಎಫ್‌ಟಿ ಅನ್ನುತ್ತಾರೆ, ಅಂದರೆ ಘನ ಅಡಿ. "ಒಂದು ಸಿಎಫ್‌ಟಿಗೆ 6 ಕೆಜಿ" ಅಂದರೆ 27,000ವನ್ನು 6ರಿಂದ ಭಾಗಿಸಿ, 4500 ಬರುತ್ತದೆ. ಅವರ ಸಂಖ್ಯೆ ಬೇರೆ ರೂಪದಲ್ಲಿ ಇದೆ, ಅಷ್ಟೇ. ನಿಜವಾದ ಘನ ಅಡಿಯಲ್ಲಿ ಸುಮಾರು 28,317 ಘನ ಸೆಂಟಿಮೀಟರ್ ಇರುತ್ತದೆ. ಅಡಿಗೆ 30 ಸೆಂಟಿಮೀಟರ್ ಅಂತ ಹಿಡಿದು 27,000 ಮಾಡಿದಾಗ ಸುಮಾರು 5 ಪರ್ಸೆಂಟ್ ಹೊರೆ ನಮ್ಮ ಕಡೆಗೆ ಬರುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೆ ಏನು ಮಾಡುವುದು? ಮೊದಲು ನೋಡಬೇಕಾದದ್ದು ಪೆಟ್ಟಿಗೆಯೊಳಗಿನ ಗಾಳಿ. ಅತ್ತಿಗೆ ತೊಡದೇವು ಒಡೆಯಬಾರದು ಅಂತ ದೊಡ್ಡ ಪೆಟ್ಟಿಗೆ ತೆಗೆದುಕೊಂಡು ಸುತ್ತಲೂ ಪೇಪರ್ ಉಂಡೆ ತುಂಬಿದ್ದರು. ತೊಡದೇವು ಮಾಡಿದವರಿಗೆ ಆ ಭಯ ಗೊತ್ತು. ಮಡಕೆಯ ಮೇಲೆ ಬಳಿದು ತೆಗೆದ ಆ ತೆಳು ಹಾಳೆ ಕೈ ಬಿಗಿಯಾದರೂ ಪುಡಿಯಾಗುತ್ತದೆ. ಆದರೆ ದೊಡ್ಡ ಪೆಟ್ಟಿಗೆಯಲ್ಲಿ ಸಾಮಾನು ಅಲ್ಲಾಡುವುದು ಜಾಸ್ತಿ. ಗಾಳಿ ರಕ್ಷಣೆ ಕೊಡುವುದಿಲ್ಲ, ಅಲ್ಲಾಡದಂತೆ ಕೂರಿಸಿದ ಬಿಗಿ ಕೊಡುತ್ತದೆ. ಮುಂದಿನ ಸಲ ತೊಡದೇವನ್ನು ಗಟ್ಟಿ ರಟ್ಟಿನ ಸಣ್ಣ ಡಬ್ಬಿಗಳಲ್ಲಿ ಒತ್ತಾಗಿ ಕೂರಿಸಿದೆವು. ಹಪ್ಪಳದ ಕಟ್ಟುಗಳನ್ನು ಆ ಡಬ್ಬಿಗಳ ಪಕ್ಕದಲ್ಲಿ ನಿಲ್ಲಿಸಿದೆವು, ಮೇಲೆ ಹೇರಲಿಲ್ಲ. ಎಲ್ಲವೂ 14, 12, 9 ಇಂಚಿನ ಪೆಟ್ಟಿಗೆಯಲ್ಲಿ ಹಿಡಿಯಿತು. ಹೊರ ಅಳತೆ 37, 32, 25. ಗುಣಿಸಿದರೆ 29,600. 5.92 ಕೆಜಿ, ಏರಿಸಿದರೆ 6. ಬಿಲ್ಲು 354 ರೂಪಾಯಿ. ಅದೇ ಸಾಮಾನು, ಅದೇ ಊರು, 324 ರೂಪಾಯಿ 50 ಪೈಸೆ ಉಳಿಯಿತು. ಒಂದೂ ತೊಡದೇವು ಒಡೆದಿಲ್ಲ ಅಂತ ಬೆಂಗಳೂರಿನಿಂದ ಫೋನ್ ಬಂದ ಮೇಲೆ ನಮಗೂ ಧೈರ್ಯ ಬಂತು.

ಎರಡನೆಯದು ನನಗೆ ತುಂಬ ಇಷ್ಟವಾದ ಉಪಾಯ. 5 ಲೀಟರಿಗೆ 1 ಕೆಜಿ ಅಂದರೆ ಲೀಟರಿಗೆ 200 ಗ್ರಾಂ. ಪೆಟ್ಟಿಗೆ ಅದಕ್ಕಿಂತ ಹಗುರ ಇದ್ದರೆ ಜಾಗದ ದುಡ್ಡು, ಭಾರ ಇದ್ದರೆ ತೂಕದ ದುಡ್ಡು. ನಮ್ಮ ಮೊದಲ ಪೆಟ್ಟಿಗೆ ಲೀಟರಿಗೆ 60 ಗ್ರಾಂ ಕೂಡ ಇರಲಿಲ್ಲ. ಜೇನುತುಪ್ಪ ಲೀಟರಿಗೆ ಸುಮಾರು 1.4 ಕೆಜಿ. ಜೋನಿ ಬೆಲ್ಲವೂ ಅಪ್ಪೆಮಿಡಿ ಉಪ್ಪಿನಕಾಯಿಯೂ ನೀರಿಗಿಂತ ಭಾರವೇ. ಆರು ಕೆಜಿಯ ದುಡ್ಡು ಕೊಟ್ಟ ಪೆಟ್ಟಿಗೆಯಲ್ಲಿ ಮೂರು ಕೆಜಿ ಸಾಮಾನು ಇದ್ದರೆ, ಜಾಗ ಆಗುವುದಾದರೆ ಇನ್ನೂ ಮೂರು ಕೆಜಿ ಜೇನು ಇಟ್ಟರೂ ಬಾಡಿಗೆ ಒಂದು ಪೈಸೆ ಏರುವುದಿಲ್ಲ. ಹಪ್ಪಳವನ್ನು ಒಂದು ಪೆಟ್ಟಿಗೆ, ಉಪ್ಪಿನಕಾಯಿಯನ್ನು ಇನ್ನೊಂದು ಪೆಟ್ಟಿಗೆ ಮಾಡಿ ಕಳಿಸಿದರೆ ಒಂದಕ್ಕೆ ಜಾಗದ ದುಡ್ಡು, ಇನ್ನೊಂದಕ್ಕೆ ತೂಕದ ದುಡ್ಡು ಕಟ್ಟುತ್ತೀರಿ. ಅತ್ತಿಗೆ ಈಗ ಹಪ್ಪಳ ಕೇಳಿದವರಿಗೆ "ಬೆಲ್ಲ ಬೇಕಾ? ಕೊರಿಯರ್ ಖರ್ಚು ಜಾಸ್ತಿ ಆಗುವುದಿಲ್ಲ" ಅಂತ ಕೇಳುತ್ತಾರೆ. ಬಹಳ ಜನ ತೆಗೆದುಕೊಳ್ಳುತ್ತಾರೆ. ಎಣ್ಣೆ ಇರುವ ಉಪ್ಪಿನಕಾಯಿ ಮಾತ್ರ ಎರಡು ಪದರದ ಪ್ಲಾಸ್ಟಿಕ್‌ನಲ್ಲಿ ಬಿಗಿದು, ತಳದಲ್ಲಿ, ಬೇರೆಯೇ ಡಬ್ಬಿಯಲ್ಲಿ ಇರಬೇಕು. ಸೋರಿದರೆ ಹಪ್ಪಳ ಎಲ್ಲ ಹಾಳು. ತೊಡದೇವು ಇರುವ ಪೆಟ್ಟಿಗೆಗೆ ಬಾಟಲಿ ಸೇರಿಸುವುದೇ ಬೇಡ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ. ತುಂಬಿದ ಪೆಟ್ಟಿಗೆಯ ಹೊಟ್ಟೆ ಹೊರಗೆ ಬರುತ್ತದೆ. ಪಾರ್ಸೆಲ್ ವಿಂಗಡಿಸುವ ದೊಡ್ಡ ಹಬ್‌ಗಳಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಹೋಗುವಾಗ ಯಂತ್ರ ಅಳೆಯುತ್ತದೆ. ಅದು ಅಳೆಯುವುದು ಪೆಟ್ಟಿಗೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಗೆ. ಮೂಲೆಯಲ್ಲಿ ಟೇಪು ಹಿಡಿದು ನೀವು ಅಳೆದ 25, ಅಲ್ಲಿ 27 ಆಗಬಹುದು. ಆಗ ನಮ್ಮ ಸಣ್ಣ ಪೆಟ್ಟಿಗೆ ಆರರಿಂದ ಆರೂವರೆ ಕೆಜಿಗೆ ಹೋಗುತ್ತದೆ. ಹಾಗಾಗಿ ನಡು ಮಧ್ಯದಲ್ಲೂ ಅಳೆಯಬೇಕು. ರಟ್ಟಿನ ಪೆಟ್ಟಿಗೆಗಳನ್ನು ನೆಲದ ಮೇಲೆ ಇಡದೆ ಅಟ್ಟದಲ್ಲಿ, ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಈ ಉಬ್ಬು ಕಡಿಮೆಯಾಗುತ್ತದೆ.

ಯಂತ್ರದ್ದೂ ತಪ್ಪಾಗುತ್ತದೆ. ಲೇಬಲ್ ಪಟ್ಟಿ ಬಿಟ್ಟುಕೊಂಡು ಮೇಲೆ ಎದ್ದಿದ್ದರೆ, ಪಕ್ಕದ ಪೆಟ್ಟಿಗೆ ಅಂಟಿಕೊಂಡು ಬಂದಿದ್ದರೆ ಅಳತೆ ಏರುತ್ತದೆ. ಅತ್ತಿಗೆ ಈಗ ಪ್ರತಿ ಪೆಟ್ಟಿಗೆಗೆ ನಾಲ್ಕು ಫೋಟೋ ತೆಗೆದು ಇಡುತ್ತಾರೆ. ಮೂರು ಕಡೆ ಟೇಪು ಹಿಡಿದದ್ದು, ಒಂದು ತಕ್ಕಡಿಯ ಮೇಲೆ. ನಾಲ್ಕರಲ್ಲೂ ಡಾಕೆಟ್ ನಂಬರ್ ಕಾಣಬೇಕು, ಇಲ್ಲದಿದ್ದರೆ ಅದೇ ಪೆಟ್ಟಿಗೆ ಅಂತ ಸಾಬೀತು ಮಾಡಲು ಆಗುವುದಿಲ್ಲ. ದೂರು ಕೊಡಲು ಕೆಲವೇ ದಿನ ಅವಕಾಶ ಇರುತ್ತದೆ, ಆದ್ದರಿಂದ ಬಿಲ್ಲು ಬಂದ ದಿನವೇ ತಾಳೆ ನೋಡಬೇಕು. ಶಾಖೆಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ವ್ಯಾಪಾರಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ ಅಂತ ಕೆಲವರು ಹೆದರಿಸುತ್ತಾರೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವರನ್ನು ಗ್ರಾಹಕರೇ ಅಂತ ಹಿಡಿಯುವ ವಿವರಣೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇದೆ, ಆದರೆ ಅದರಲ್ಲಿ ಬರೆದಿರುವುದು ಕೊಂಡ ಸಾಮಾನಿನ ಬಗ್ಗೆ, ಸೇವೆಯ ಹೆಸರು ಅಲ್ಲಿಲ್ಲ.

ಜುಲೈ ಬಿಲ್ಲಿನಲ್ಲಿ ಈ ಫೋಟೋಗಳು ಕೆಲಸಕ್ಕೆ ಬಂದವು. 25 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಗೆ 31 ಅಂತ ದಾಖಲಾಗಿತ್ತು. ಆರು ಕೆಜಿ ಇದ್ದದ್ದು ಏಳೂವರೆ ಆಗಿತ್ತು. ಅತ್ತಿಗೆ ಫೋಟೋ ಕಳಿಸಿ, ಯಂತ್ರ ತೆಗೆದ ಚಿತ್ರ ತೋರಿಸಿ ಅಂತ ಕೇಳಿದರು. ಚಿತ್ರ ಬರಲಿಲ್ಲ. ನಾಲ್ಕು ದಿನದ ಮೇಲೆ 60 ರೂಪಾಯಿಯ ಕ್ರೆಡಿಟ್ ನೋಟ್ ಬಂತು. ಒಂದೂವರೆ ಕೆಜಿಗೆ 40ರಂತೆ ಲೆಕ್ಕ ಸರಿ ಕಂಡಿತು.

"60 ಅಲ್ಲ, 88 ರೂಪಾಯಿ 50 ಪೈಸೆ" ಅಂದರು ಅತ್ತಿಗೆ. "ತಗೊಳ್ಳುವಾಗ ಡೀಸೆಲ್, ಜಿಎಸ್‌ಟಿ ಸೇರಿಸಿ ತಗೊಂಡಿದ್ದಾರೆ. ಕೊಡುವಾಗಲೂ ಸೇರಿಸಿ ಕೊಡಬೇಕು, ಅಲ್ವಾ?"

ಮತ್ತೆ ಬರೆದರು. ಉಳಿದ 28 ರೂಪಾಯಿ 50 ಪೈಸೆ ಆಗಸ್ಟ್ ಬಿಲ್ಲಿನಲ್ಲಿ ಕಳೆದು ಬಂತು.